ಅರವತ್ತಕ್ಕೆ ಬಿತ್ತು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಕಳೆಯುವ ಲೆಕ್ಕ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈಗ ನನ್ನನ್ನು ಯಾರು ನಿಲ್ಲಿಸಬೇಕು?

ನಿವೃತ್ತಿಯಾದ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಬಸವೇಶ್ವರನಗರದ ನಮ್ಮ ಬ್ಯಾಂಕಿನ ಬೆಂಚಿನಲ್ಲಿ ಕುಳಿತು ಬಂದವರಿಗೆಲ್ಲ ಫಾರಂ ತುಂಬಿಕೊಡುತ್ತೇನೆ. ಯಾರೂ ಕರೆದು ಕೂರಿಸಿದ್ದಲ್ಲ. ಆದಾಯ ಕಡಿಮೆ ಇರುವವರು, ನಮ್ಮ ಠೇವಣಿಯ ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಎಂದು ವರ್ಷ ವರ್ಷವೂ ಬರೆದುಕೊಡಬೇಕು. ಅರವತ್ತು ತುಂಬದವರಿಗೆ ಫಿಫ್ಟೀನ್ ಜಿ, ತುಂಬಿದವರಿಗೆ ಫಿಫ್ಟೀನ್ ಎಚ್. ಇಷ್ಟೇ ವ್ಯತ್ಯಾಸ. 'ಚಕ್ರಪಾಣಿ ಮೇಷ್ಟ್ರು ಬರೆದರೆ ತಪ್ಪಿಲ್ಲ' ಎಂದು ಜನ ಹೇಳುವುದನ್ನು ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ. ಜಂಬ ಬಹಳ ಇತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ, 2024ರ ಏಪ್ರಿಲ್ ಹದಿನೈದಕ್ಕೆ ಸೀತಮ್ಮ ಬಂದಿದ್ದಳು. ಗೋವಿಂದರಾಜನಗರದವಳು, ನಮ್ಮ ಬೀದಿಯ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಗಂಡ ದುಡಿಯುತ್ತಿದ್ದ ಕಾರ್ಖಾನೆಯಿಂದ ಅವನು ಸತ್ತ ಮೇಲೆ ಬಂದ ಒಂಬತ್ತು ಲಕ್ಷವನ್ನು ಆವತ್ತೇ ಒಂದು ವರ್ಷಕ್ಕೆ ಎಫ್‌ಡಿ ಇಟ್ಟಿದ್ದಳು. ಬಡ್ಡಿಯನ್ನು ವರ್ಷದ ಕೊನೆಗೆ ಒಟ್ಟಿಗೆ ತೆಗೆದುಕೊಳ್ಳುವ ಲೆಕ್ಕ. ಮನೆಯಲ್ಲಿರುವ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಬಿಪಿಎಲ್ ಕಾರ್ಡ್ ಇರುವುದರಿಂದ ಅದು ಉಚಿತ. ಹೋಗಿ ಬರುವ ಆಟೋಗೆ ವಾರಕ್ಕೆ ಎಂಟುನೂರು. ಈ ಬಡ್ಡಿ ಮುಂದಿನ ವರ್ಷದ ಆಟೋಗೆ, ಔಷಧಿಗೆ.

"ವಯಸ್ಸೆಷ್ಟಮ್ಮ?" ಎಂದೆ.

"ಮೊನ್ನೆ ತಾನೇ ಅರವತ್ತಕ್ಕೆ ಬಿತ್ತು ಸಾರ್."

"ಅರವತ್ತಕ್ಕೆ ಅರಳು ಮರಳು ಅಂತಾರೆ, ಹುಷಾರು!" ಎಂದು ತಮಾಷೆ ಮಾಡಿ ಫಿಫ್ಟೀನ್ ಎಚ್ ಎಳೆದುಕೊಂಡೆ. ಪಾನ್ ಕಾರ್ಡ್ ನೋಡಿ ಹುಟ್ಟಿದ ದಿನಾಂಕವನ್ನು ನನ್ನ ಕೈಯಾರೆ ಬರೆದೆ: 11-04-1965. ಅವಳು ಸಹಿ ಹಾಕಿದಳು. ಕೌಂಟರಿನಲ್ಲಿ ಸೀಲು ಬಿತ್ತು.

ಈ ವರ್ಷ ಏಪ್ರಿಲ್ ಹದಿನಾರರಂದು ಎಫ್‌ಡಿ ಮುಗಿಯಿತೆಂದು ಬಂದವಳು ಕೌಂಟರಿನಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಬೆಂಚಿಗೆ ಬಂದಳು.

"ಸಾರ್, ಬಡ್ಡಿಲಿ ಆರು ಸಾವಿರ ಚಿಲ್ಲರೆ ಕಮ್ಮಿ ಇದೆ. ಟ್ಯಾಕ್ಸ್ ಅಂತೆ. ನಾವು ಬರೆದುಕೊಟ್ಟಿದ್ವಲ್ಲ?"

ನನಗೆ ಸಿಟ್ಟು ನೆತ್ತಿಗೇರಿತು. ಅವಳನ್ನು ಕರೆದುಕೊಂಡು ಸೀದಾ ಆಫೀಸರ್ ಮಾಲವಿಕಾ ಮೇಜಿಗೆ ಹೋದೆ. "ಬಡವರ ಫಾರಂ ಅಂದ್ರೆ ಕಸದ ಬುಟ್ಟಿಗೇನಮ್ಮ?" ಎಂದು ಇಡೀ ಬ್ಯಾಂಕಿಗೆ ಕೇಳುವಂತೆ ಕೂಗಿದೆ. ಆ ಹುಡುಗಿ ಕಂಪ್ಯೂಟರ್ ನೋಡಿ, ಹಳೆಯ ಫಾರಂ ತೆಗೆಸಿ ನನ್ನ ಮುಂದಿಟ್ಟಳು.

"ಸಾರ್, ಇದು ಎಚ್ ಫಾರಂ. ಆ ಹಣಕಾಸು ವರ್ಷ ಮುಗಿದಿದ್ದು ಹೋದ ತಿಂಗಳು ಮೂವತ್ತೊಂದಕ್ಕೆ. ಅಷ್ಟರೊಳಗೆ ಅರವತ್ತು ತುಂಬಿರಬೇಕು. ಇವರಿಗೆ ತುಂಬಿದ್ದು ಈ ತಿಂಗಳು ಹನ್ನೊಂದಕ್ಕೆ. ಹನ್ನೊಂದು ದಿನ ಸಾರ್. ಸಿಸ್ಟಮ್ ತಗೊಂಡಿಲ್ಲ."

ನನ್ನದೇ ಅಕ್ಷರ, ನನ್ನದೇ ಅಂಕಿ. 2024ರಲ್ಲಿ 1965 ಕಳೆದರೆ ಐವತ್ತೊಂಬತ್ತು. ಅರವತ್ತಕ್ಕೆ ಬಿತ್ತು ಅಂದರೆ ಐವತ್ತೊಂಬತ್ತು ತುಂಬಿ ಅರವತ್ತು ನಡೆಯುತ್ತಿದೆ ಎಂದು ನಮ್ಮಜ್ಜಿಗೂ ಗೊತ್ತಿತ್ತು. ಅವಳು ಸರಿಯಾಗಿಯೇ ಹೇಳಿದ್ದಳು. ಅರಳು ಮರಳು ನನಗಾಗಿತ್ತು.

"ಜಿ ಕೊಟ್ಟಿದ್ರೆ?" ಎಂದೆ.

"ಒಂದು ರೂಪಾಯಿನೂ ಹಿಡೀತಿರಲಿಲ್ಲ ಸಾರ್. ಇವರಿಗೆ ಟ್ಯಾಕ್ಸೇ ಬರಲ್ಲ. ಬೇರೆ ಫಾರಂ ಕೊಡಿ ಅಂತ ಮೆಸೇಜ್ ಹೋಗಿತ್ತು, ಎರಡು ಸಲ."

ಸೀತಮ್ಮ ನನ್ನ ಕಡೆ ನೋಡಿದಳು. "ಬ್ಯಾಂಕ್ ಹೆಸರಲ್ಲಿ ಇಂಗ್ಲಿಷ್ ಮೆಸೇಜ್ ಬಂದ್ರೆ ಕಳ್ರದ್ದು, ಮುಟ್ಬೇಡಿ, ಅಳಿಸ್ಬಿಡಿ ಅಂತ ನೀವೇ ಹೇಳಿದ್ರಲ್ಲ ಸಾರ್. ಅಳಿಸ್ಬಿಟ್ಟೆ."

ಹೌದು, ಅದನ್ನೂ ನಾನೇ ಹೇಳಿದ್ದೆ.

"ಈಗ ಜಿ ಬರೆದುಕೊಡ್ತೀನಿ, ವಾಪಸ್ ಹಾಕಿ" ಎಂದೆ. ಮಾಲವಿಕಾ ಆಗಲ್ಲವೆಂದು ತಲೆಯಾಡಿಸಿದಳು.

"ಹಿಡಿದಿದ್ದು ಸರ್ಕಾರಕ್ಕೆ ಹೋಗುತ್ತೆ ಸಾರ್, ನಾವು ಕೊಡೋಕಾಗಲ್ಲ. ಐಟಿ ಇಲಾಖೆಯಿಂದ ಕಮ್ಮಿ ಹಿಡೀರಿ ಅಂತ ಸರ್ಟಿಫಿಕೇಟ್ ತಂದ್ರೂ ಮುಂದಿನ ಬಡ್ಡಿಗೆ ಅಷ್ಟೇ. ಆದ್ರೆ ದುಡ್ಡು ಎಲ್ಲೂ ಹೋಗಲ್ಲ. ಐಟಿ ರಿಟರ್ನ್ ಫೈಲ್ ಮಾಡಿದ್ರೆ ಪೂರ್ತಿ ಅವರ ಅಕೌಂಟಿಗೇ ಬರುತ್ತೆ."

ನನಗೆ ಹೋದ ಜೀವ ಬಂದಂತಾಯಿತು. "ನಾನೇ ಫೈಲ್ ಮಾಡಿಸ್ತೀನಿ ಸೀತಮ್ಮ, ನಿಮಗೇನೂ ಖರ್ಚಿಲ್ಲ" ಎಂದೆ.

"ಬೇಡ ಸಾರ್" ಎಂದಳು, ಯೋಚನೆಯನ್ನೇ ಮಾಡದೆ.

"ಯಾಕಮ್ಮ? ನಿಮ್ಮ ದುಡ್ಡು!"

"ನಮ್ಮ ವಠಾರದ ವಿಮಲಮ್ಮನ ಮಗ ಲೋನಿಗೆ ಅಂತ ಐಟಿ ಫೈಲ್ ಮಾಡಿಸ್ದ. ಒಂದು ಪೈಸೆ ಟ್ಯಾಕ್ಸ್ ಕಟ್ಟಿರಲಿಲ್ಲ. ಐಟಿ ಕಟ್ಟೋರು ಅಂತ ಬಿಪಿಎಲ್ ಕಾರ್ಡ್ ನಿಲ್ಲಿಸಿದ್ರು. ನಾಲ್ಕು ತಿಂಗಳು ಅಲೆದ್ರು ಸಾರ್. ನಮ್ಮಮ್ಮಂಗೆ ನಾಲ್ಕು ತಿಂಗಳು ಎಲ್ಲಿದೆ? ಒಂದು ವಾರ ತಪ್ಪಿದ್ರೆ ಮೈಯೆಲ್ಲ ನೀರು ತುಂಬ್ಕೊಳ್ಳುತ್ತೆ."

"ಫೈಲ್ ಮಾಡೋದೇ ಬೇರೆ, ಟ್ಯಾಕ್ಸ್ ಕಟ್ಟೋದೇ ಬೇರೆ ಕಣಮ್ಮ..."

"ನಿಮಗೆ ಗೊತ್ತು ಸಾರ್. ಕಾರ್ಡ್ ತೆಗೆಯೋರಿಗೆ ಗೊತ್ತಾ? ಹಾಗಾಗಲ್ಲ ಅಂತ ನೀವು ಬರೆದುಕೊಡ್ತೀರಾ?"

ಊರಿಗೆಲ್ಲ ಬರೆದುಕೊಡುವವನು ನಾನು. ಇದನ್ನು ಬರೆದುಕೊಡಲಾರೆ. ಮಾಲವಿಕಾ ಕಡೆ ನೋಡಿದೆ. ಅವಳು ಕಣ್ಣು ತಪ್ಪಿಸಿದಳು. ನಾನು ಕೂಗಾಡಿದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಬೇಕಿತ್ತು. ಅದನ್ನೂ ಕೇಳಲಿಲ್ಲ.

ಬೆಂಚಿಗೆ ವಾಪಸ್ ಬಂದು, "ತಪ್ಪು ನಂದು ಸೀತಮ್ಮ. ನೀವು ಬಿತ್ತು ಅಂದ್ರಿ, ನಾನು ತುಂಬಿತು ಅಂತ ಕೇಳಿಸ್ಕೊಂಡೆ. ಆ ದುಡ್ಡು ನಾನು ಕೊಡ್ತೀನಿ, ನನ್ನ ಪೆನ್ಷನ್ ಇದೆ" ಎಂದೆ.

"ಬ್ಯಾಡ ಬಿಡಿ. ನಿಮ್ಮ ಹತ್ರ ದುಡ್ಡು ಇಸ್ಕೊಂಡ್ರೆ ಮುಂದಿನ ವರ್ಷ ಫಾರಂ ಹಿಡ್ಕೊಂಡು ಯಾವ ಮುಖ ಇಟ್ಕೊಂಡು ಬರಲಿ? ನನಗೆ ಬರೆದುಕೊಡೋಕೆ ಬೇರೆ ಯಾರಿದ್ದಾರೆ?"

ಬೈದಿದ್ದರೆ ಚೆನ್ನಾಗಿತ್ತು. ಹಾಳಾಗಿ ಹೋಗು ಅಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂಬತ್ತು ಲಕ್ಷವನ್ನು ಮತ್ತೆ ಎಫ್‌ಡಿ ಇಡಬೇಕಿತ್ತು, ಹೊಸ ವರ್ಷಕ್ಕೆ ಹೊಸ ಫಾರಂ ಕೊಡಬೇಕಿತ್ತು. ಫಿಫ್ಟೀನ್ ಎಚ್ ತೆಗೆದುಕೊಂಡೆ. ಈ ಸಲ ಅದೇ ಸರಿ. ಆದರೂ ನಂಬಿಕೆ ಬರಲಿಲ್ಲ. ಹಳೆಯ ರಸೀದಿಯ ಹಿಂದೆ ಎರಡು ಸಾವಿರದ ಇಪ್ಪತ್ತೈದು ಬರೆದೆ, ಕೆಳಗೆ ಸಾವಿರದ ಒಂಬೈನೂರ ಅರವತ್ತೈದು ಬರೆದೆ, ಗೆರೆ ಎಳೆದು ಮೂರನೇ ಕ್ಲಾಸಿನವನ ಹಾಗೆ ಕಳೆದೆ. ಮಾಲವಿಕಾಗೂ ತೋರಿಸಿದೆ.

"ಕರೆಕ್ಟಾಗಿದೆ ಸಾರ್" ಎಂದಳು. ಸೀಲು ಬಿತ್ತು.

ಹೊರಗೆ ಬಿಸಿಲು. ಸೀತಮ್ಮ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಲೌಸಿನೊಳಗೆ ಇಟ್ಟುಕೊಂಡಳು.

"ಎಂಟು ವಾರದ ಆಟೋ ಕಮ್ಮಿ ಬಿತ್ತಲ್ಲ, ಏನು ಮಾಡ್ತೀರಿ?" ಎಂದೆ. ಕೇಳಬಾರದಿತ್ತು.

"ಬಸ್ಸು ಫ್ರೀ ಅಲ್ವಾ ಸಾರ್, ಹೆಂಗಸರಿಗೆ. ಹೋಗ್ತಾ ಪರವಾಗಿಲ್ಲ, ಅಮ್ಮ ನಿಂತ್ಕೊಂಡಾದ್ರೂ ಬರ್ತಾರೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ತಾ ಯಾರಾದ್ರೂ ಸೀಟ್ ಬಿಟ್ಟುಕೊಟ್ರೆ ಸಾಕು."