ದಾವಲಬಿ ನಾನಿ ಒತ್ತಿದ ‘ಇಲ್ಲ’

ನನ್ನ ತಂಗಿ ಉಮೈಮಾಳ ಕೈಯಲ್ಲಿ ಫೋನು ಕೊಡುವುದೂ ಒಂದೇ, ಮಂಗನ ಕೈಯಲ್ಲಿ ಮಾಣಿಕ್ಯ ಕೊಡುವುದೂ ಒಂದೇ. ಹೋದ ಶುಕ್ರವಾರ ಅಬ್ಬಾನ ವೀಳ್ಯದೆಲೆ ತೊಳೆಯಲು ಕೂತವಳು ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಳು. ಬಕೆಟ್ಟಿಗೆ ಬಿದ್ದದ್ದು ಎಲೆಯಲ್ಲ. ಅದನ್ನು ಅಕ್ಕಿಯಲ್ಲಿ ಹೂತಿಟ್ಟು ನೋಡಿದೆವು, ಬಿಸಿಲಿಗಿಟ್ಟು ನೋಡಿದೆವು, ಅದು ಏಳಲಿಲ್ಲ. ಸವಣೂರಿನ ಎಲೆ ಎಲ್ಲ ಊರಿಗೂ ಹೋಗುತ್ತದೆ, ನಮ್ಮ ಮನೆಯಲ್ಲಿ ಮಾತ್ರ ಅದಕ್ಕೊಂದು ಫೋನು ಬಲಿಯಾಯಿತು.

ಹೊಸ ಫೋನು ಬಂದ ಮರುದಿನ ಮಧ್ಯಾಹ್ನ ಉಮೈಮಾಳ ಗೆಳತಿ ಶೈಲಶ್ರೀ ಫೋನ್ ಮಾಡಿ ಕಿರುಚಿದಳು. ನಾನು ಹೊಲಿಗೆ ಮಷೀನಿನ ಮೇಲಿದ್ದವಳು ಸೂಜಿ ಬಿಟ್ಟು ಎದ್ದೆ.

"ಉಮೀ, ನರ್ಸಿಂಗ್ ಕಾಲೇಜಿನ ಪಟ್ಟಿ ಬಂದೈತಿ! ನಿನ್ನ ಹೆಸರೈತಿ! ಮೇಲ್‌ಗೆ ಪತ್ರ ಕಳಿಸ್ಯಾರಂತ. ಇವತ್ತ ಸಂಜಿ ಐದರೊಳಗ ಒಪ್ಪಿಗಿ ಒತ್ತಬೇಕಂತ. ಒತ್ತೀದಿ ಹೌದಿಲ್ಲೊ?"

ಉಮೈಮಾ ಕುಣಿದಳು. ನಾನೂ ಕುಣಿದೆ, ಏಕೆ ಸುಳ್ಳು ಹೇಳಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ಹುಡುಗಿ ಅವಳು. ಆಮೇಲೆ ಹೊಸ ಫೋನಿನಲ್ಲಿ ಮೇಲ್ ತೆರೆಯಲು ಹೋದಾಗ ಅವಳ ಕುಣಿತ ನಿಂತಿತು.

ಅದು ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡನ್ನು ಅವಳು ಕೊನೆಯ ಸಲ ಒತ್ತಿದ್ದು, ನೀರಿಗೆ ಬಿದ್ದ ಫೋನಿನಲ್ಲಿ ಖಾತೆ ಸೇರಿಸಿದ ದಿನ. ‘ಪಾಸ್‌ವರ್ಡ್ ಮರೆತಿರುವಿರಾ’ ಎಂಬುದನ್ನು ಒತ್ತಿದರೆ, ಕೊನೆಗೆ ಮೂವತ್ತೇಳು ಇರುವ ನಂಬರಿಗೆ ಕೋಡು ಕಳಿಸುತ್ತೇವೆ ಎಂದಿತು. ಆ ನಂಬರು ಯಾವಾಗಲೋ ಸತ್ತಿತ್ತು. ಅಗ್ಗದ ಪ್ಯಾಕ್ ಸಿಕ್ಕಿತೆಂದು ಉಮೈಮಾ ಬೇರೆ ಕಂಪನಿಯ ಸಿಮ್ ಹಾಕಿದವಳು ಹಳೆಯದಕ್ಕೆ ರೀಚಾರ್ಜ್ ಮಾಡುವುದನ್ನೇ ಬಿಟ್ಟಿದ್ದಳು. ಖಾತೆಯಲ್ಲಿ ನಂಬರು ಬದಲಿಸಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಕಾಲೇಜಿಗೆ ಫೋನ್ ಮಾಡಿದೆ. ಅಲ್ಲಿಯವರು ಪಾಪ ಒಳ್ಳೆಯವರೇ. "ಮೇಡಂ, ಒಪ್ಪಿಗಿ ಅರ್ಜಿ ಹಾಕಿದ ಮೇಲ್‌ದಿಂದಾನ ಬರಬೇಕ್ರಿ. ಐದರ ನಂತರ ಸೀಟು ತಾನಾಗೇ ಮುಂದಿನವರಿಗೆ ಹೋಗ್ತದ್ರಿ," ಎಂದರು. ಸರಿ, ಸ್ಕೂಟಿ ತೆಗೆದೆ. ಬಸ್ ಸ್ಟ್ಯಾಂಡ್ ಹತ್ತಿರದ ಕನಕಪ್ಪನ ಆನ್‌ಲೈನ್ ಅಂಗಡಿಗೆ ಇಬ್ಬರೂ ಹೋದೆವು. ಉಮೈಮಾಳ ಅರ್ಜಿ ತುಂಬಿಸಿದವನೂ ಅವನೇ.

"ಆ ಹಳೇ ನಂಬರಿಗೆ ಒಂದ ಸಲ ಫೋನ್ ಹಚ್ಚಿ ನೋಡ್ರಿ," ಎಂದ ಕನಕಪ್ಪ. "ಬಂದ್ ಆದ ನಂಬರು ಕೆಲವು ತಿಂಗಳಾದ ಮ್ಯಾಲೆ ಬ್ಯಾರೇದವರಿಗೆ ಕೊಡ್ತಾರ."

ಹಚ್ಚಿದೆ. ಎತ್ತಿದವರು ಹಿರೇಕೆರೂರಿನ ನೀಲಪ್ಪ ಎಂಬ ಹಿರಿಯರು. ನಾನು ಎಲ್ಲ ಕತೆ ಹೇಳಿ, ನಿಮ್ಮ ಫೋನಿಗೊಂದು ಕೋಡು ಬರುತ್ತದೆ ಎನ್ನುವಷ್ಟರಲ್ಲಿ ಅವರು ಗುಡುಗಿದರು.

"ಕೋಡು ಕೇಳಾಕ ಬಂದೀರಿ? ನನ್ನ ಕಡೆ ನಡ್ಯಾಂಗಿಲ್ರಿ ಇದು! ಬ್ಯಾಂಕಿನವರು ಹತ್ತು ಸಲ ಹೇಳ್ಯಾರ, ಯಾರಿಗೂ ಹೇಳಬ್ಯಾಡ್ರಿ ಅಂತ. ಇಡ್ರಿ ಫೋನು!"

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಆ ಮನುಷ್ಯ ಹೇಳಿದ್ದು ನೂರಕ್ಕೆ ನೂರು ಸರಿ.

"ಬಿಡ್ರಿ, ಬ್ಯಾರೆ ದಾರಿ ನೋಡೂಣು," ಎಂದು ಕನಕಪ್ಪ ಉಮೈಮಾಳ ಫೋನಿನಲ್ಲಿ ‘ಮತ್ತೊಂದು ವಿಧಾನ ಪ್ರಯತ್ನಿಸಿ’ ಎಂಬುದನ್ನು ಒತ್ತಿಸಿದ. ನೆನಪಿರುವ ಹಳೆಯ ಪಾಸ್‌ವರ್ಡ್ ಕೇಳಿತು. ಉಮೈಮಾ ಏನೋ ಒಂದು ಹೊಡೆದಳು. ಆಮೇಲೆ ಪರದೆಯ ಮೇಲೆ ಒಂದು ಫೋನಿನ ಹೆಸರು ಬಂತು. ಆ ಫೋನಿಗೆ ಸೂಚನೆ ಕಳಿಸಿದ್ದೇವೆ, ಅದರಲ್ಲಿ ‘ಹೌದು’ ಒತ್ತಿ, ಇಲ್ಲಿ ತೋರಿಸುವ ಅಂಕಿಯನ್ನೇ ಅಲ್ಲಿ ಆರಿಸಿ ಎಂದಿತು.

ಹೆಸರು ನೋಡಿ ಉಮೈಮಾ ನನ್ನ ತೋಳು ಚಿವುಟಿದಳು. "ಆಪಾ! ಇದು ನಾನಿ ಕಡೆ ಇರೋ ಫೋನು!"

ನಮ್ಮಲ್ಲಿ ಫೋನು ಹಳೆಯದಾದರೆ ಮೂಲೆಗೆ ಬೀಳುವುದಿಲ್ಲ, ಹಿರಿಯರಿಗೆ ಹೋಗುತ್ತದೆ. ಉಮೈಮಾಳ ಮೊದಲ ಫೋನು ಹುಲಗೂರಿನಲ್ಲಿರುವ ನಮ್ಮ ತಾಯಿಯ ತಾಯಿ ದಾವಲಬಿ ನಾನಿಗೆ ಹೋಗಿತ್ತು. ಕೊಡುವಾಗ ಮೇಲ್‌ನ ಆ್ಯಪ್ ಬಂದ್ ಮಾಡಿ ಕೊಟ್ಟಿದ್ದಳು, ಮುದುಕಿಗೆ ಕಿರಿಕಿರಿ ಬೇಡವೆಂದು. ಆದರೆ ಖಾತೆಯನ್ನು ತೆಗೆದಿರಲಿಲ್ಲ, ತೆಗೆದರೆ ನಾನಿಯ ವೀಡಿಯೊಗಳೂ ಹೋಗುತ್ತವೆ ಎಂದು ಹೆದರಿ. ಆ ಹೆದರಿಕೆಯೇ ಈಗ ನಮ್ಮ ಪಾಲಿನ ದೇವರಾಯಿತು. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ.

ಚಪ್ಪಾಳೆ ಮುಗಿಯುವ ಮೊದಲೇ ಪರದೆ ಬದಲಾಯಿತು. ಆ ಫೋನಿನಲ್ಲಿ ನಿರಾಕರಿಸಲಾಗಿದೆ ಎಂದು ಬಂತು. ಉಮೈಮಾ ಕೂಡಲೇ ನಾನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ನಾನಿ, ಈಗ ನಿನ್ನ ಫೋನಿನ್ಯಾಗ ಏನರ ಬಂದಿತ್ತೇನ?"

"ಬಂದಿತ್ತು. ಯಾರೋ ಖಾತೆ ತೆಗಿಯಾಕತ್ತಾರ, ನೀವೇನು ಅಂತ ಕೇಳ್ತು. ನಾ ಅಲ್ಲಲ್ಲ? ‘ಇಲ್ಲ, ಇದು ನಾನಲ್ಲ’ ಅಂತ ಒತ್ತಿದೆ."

"ಅಯ್ಯೋ ನಾನಿ, ಅದು ನಾನು! ಮತ್ತ ಕಳಸ್ತೇನಿ, ‘ಹೌದು’ ಒತ್ತು."

"ಯಾಕ ಒತ್ತಲಿ? ನೀ ಯಾರು?"

"ನಾನು ಉಮೈಮಾ!"

"ಹಂಗ ಎಲ್ಲಾರೂ ಅಂತಾರ. ದನಿ ನಕಲಿ ಮಾಡಿ ಫೋನ್ ಮಾಡ್ತಾರ, ವಿಡಿಯೋದಾಗ ಮಾರೀನೂ ನಕಲಿ ಮಾಡ್ತಾರ, ಏನ ಬಂದ್ರೂ ‘ಇಲ್ಲ’ ಒತ್ತು ಅಂತ ನನ್ನ ಮೊಮ್ಮಗಳೇ ಹೇಳ್ಯಾಳ."

ಹೇಳಿದವಳು ಉಮೈಮಾಳೇ. ಹೋದ ವರ್ಷ ನಾನಿಯ ಓಣಿಯಲ್ಲಿ ಯಾರದೋ ಮೊಬೈಲಿಗೆ ಮೋಸದ ಕರೆ ಬಂದಾಗ, ನಾನಿಗೆ ಗಿಳಿಪಾಠ ಮಾಡಿಸಿದ್ದಳು. ಕಲಿಸಿದ ಗುರುವಿಗೇ ಈಗ ತಿರುಮಂತ್ರ. ಕನಕಪ್ಪ ಮುಖ ಆ ಕಡೆ ತಿರುಗಿಸಿ ನಕ್ಕ.

"ಸರಿ ನಾನಿ, ಏನರ ಕೇಳು. ಬರೇ ನನಗೆ ಗೊತ್ತಿರೋದು ಕೇಳು!"

ನಾನಿ ಸ್ವಲ್ಪ ಯೋಚಿಸಿದಳು. "ನನಗ ಯಾವ ಮೊಣಕಾಲು ನೋಯ್ತದ? ಎಡಗಡೇದೊ, ಬಲಗಡೇದೊ?"

ಉಮೈಮಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಯಾರಿಗೂ ಗೊತ್ತಿಲ್ಲ. ನರ್ಸ್ ಆಗಲು ಹೊರಟವಳಿಗೆ ಸ್ವಂತ ನಾನಿಯ ಮೊಣಕಾಲು ಗೊತ್ತಿಲ್ಲ!

"ಬಲಗಡೇದು," ಎಂದಳು ಉಮೈಮಾ, ಮೆಲ್ಲಗೆ.

"ಕಳ್ಳಿ!" ಎಂದು ನಾನಿ ಫೋನಿಟ್ಟಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ನಾನಿಯ ಜೊತೆಗಿರುವ ಮಜೀದ ಮಾಮಾನಿಗೆ ಹಚ್ಚಿದೆ, ಹೊಲದಲ್ಲಿ ಟ್ರ್ಯಾಕ್ಟರ್ ಸದ್ದಿನಲ್ಲಿ ಅವನಿಗೆ ಕೇಳುವುದುಂಟೆ?

ಉಮೈಮಾ ಇನ್ನೊಮ್ಮೆ ಸೂಚನೆ ಕಳಿಸಲು ಬೆರಳೆತ್ತಿದಳು. ಕನಕಪ್ಪ ತಡೆದ. "ಬ್ಯಾಡ್ರಿ. ಮ್ಯಾಲಿಂದ ಮ್ಯಾಲೆ ಒತ್ತಿದ್ರ ಸ್ವಲ್ಪ ಹೊತ್ತು ಬಿಟ್ಟು ಬರ್ರಿ ಅಂತ ಬಾಗಲಾ ಹಾಕ್ತದ. ಖುದ್ದು ಹೋಗ್ರಿ. ಆ ಫೋನು ಎದುರಿಗಿದ್ರ ಒಂದೇ ಸಲಕ್ಕೆ ಮುಗೀತದ."

ಹೊರಟೆವು. ನಾನು ಗಾಡಿ ಓಡಿಸಿದ್ದನ್ನು ಅಬ್ಬಾ ನೋಡಿದ್ದರೆ ಕೀಲಿಕೈ ಕಸಿದುಕೊಳ್ಳುತ್ತಿದ್ದ. ಹಾದಿಯಲ್ಲಿ ಮೆಕ್ಕೆಜೋಳದ ಟ್ರಾಲಿ ಅಡ್ಡ, ಕುರಿಯ ಹಿಂಡು ಅಡ್ಡ, ಎಲ್ಲರಿಗೂ ಅವತ್ತೇ ರಸ್ತೆ ಬೇಕಿತ್ತು. ಹಿಂದೆ ಕೂತ ಉಮೈಮಾ ಒಮ್ಮೆ ‘ಸೀಟು ಹೋತು ಆಪಾ’ ಎಂದು ಅಳುತ್ತಿದ್ದಳು, ಒಮ್ಮೆ ‘ಹೋಗೂದಿಲ್ಲ, ಜೋರಾಗಿ ಓಡ್ಸು’ ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ನನಗೆ ಭಯವೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು, ಯಾವುದು ಹೆಚ್ಚೆಂದು ಕೇಳಬೇಡಿ. ದರ್ಗಾ ಕಂಡಾಗ ಕೈ ಮುಗಿಯಲೂ ಪುರಸೊತ್ತಾಗದೆ ಮನಸ್ಸಿನಲ್ಲೇ ಬೇಡಿಕೊಂಡೆ.

ನಾನಿ ಕಟ್ಟೆಯ ಮೇಲೆ ಕಡಲೆ ಬಿಡಿಸುತ್ತಿದ್ದಳು. ಫೋನು ಸೆರಗಿನಲ್ಲಿ ಗಂಟು ಹಾಕಿತ್ತು. ನಮ್ಮನ್ನು ನೋಡಿ ಎದ್ದವಳು ಮೊದಲು ಮಾಡಿದ್ದು ದೂರು.

"ಈಗ ಯಾರೋ ಕಳ್ಳಿ ನಿನ್ನ ದನಿಯಾಗ ಫೋನ್ ಮಾಡಿದ್ಳು, ಬೇಟಾ. ಬಲಗಾಲು ಅಂದ್ಳು ಹುಚ್ಚಿ. ನನಗ ಎರಡೂ ನೋಯ್ತಾವ."

"ಆ ಕಳ್ಳಿ ನಾನೇ, ನಾನಿ," ಎಂದು ಉಮೈಮಾ ಅವಳ ಕೊರಳಿಗೆ ಬಿದ್ದಳು. ನಾನಿ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಕೆನ್ನೆ ಒತ್ತಿಯೂ ನೋಡಿದಳು. ಅದು ನಕಲಿಯಲ್ಲ ಎಂದು ಖಾತ್ರಿಯಾದ ಮೇಲೆಯೇ ಗಂಟು ಬಿಚ್ಚಿದಳು.

ಉಮೈಮಾ ತನ್ನ ಫೋನಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದಳು. ನಾನಿಯ ಫೋನು ಟಿಣ್ ಎಂದಿತು. ಪರದೆಯಲ್ಲಿ ಮತ್ತದೇ ಪ್ರಶ್ನೆ, ಕೆಳಗೆ ಎರಡು ಉತ್ತರ.

"ಒತ್ತು ನಾನಿ, ‘ಹೌದು, ಇದು ನಾನೇ’," ಎಂದೆ.

"ನಾ ಅಲ್ಲದ್ದನ್ನ ನಾನೇ ಅಂತ ಹ್ಯಾಂಗ ಒತ್ತಲಿ? ಸುಳ್ಳು ಆಗೂದಿಲ್ಲೇನು?" ಎಂದ ನಾನಿ ಫೋನನ್ನು ಉಮೈಮಾಳ ಕೈಗಿಟ್ಟಳು. "ನಿಂದದು. ನೀನೇ ಒತ್ತು."

ಉಮೈಮಾ ಒತ್ತಿದಳು. ಮೂರು ಅಂಕಿಗಳು ಬಂದವು. ಅವಳ ಫೋನಿನಲ್ಲಿ ಕಂಡದ್ದು ಅರವತ್ತೆರಡು, ಇಲ್ಲಿಯೂ ಅರವತ್ತೆರಡನ್ನೇ ಮುಟ್ಟಿದಳು. ಒಂದು ಚಕ್ರ ತಿರುಗಿತು, ತಿರುಗಿತು. ಹೊಸ ಪಾಸ್‌ವರ್ಡ್ ಹಾಕಿ ಎಂದಿತು!

ಹಾಕಿದಳು. ಮೇಲ್ ತೆರೆಯಿತು. ಪತ್ರ ಅಲ್ಲೇ ಇತ್ತು, ಎರಡು ದಿನದಿಂದ ಕಾಯುತ್ತ. ಐದಕ್ಕೆ ಇನ್ನೂ ಸಮಯವಿತ್ತು. ಒಪ್ಪಿಗೆ ಒತ್ತಿದಳು, ಸೀಟು ನಿಮ್ಮದು ಎಂದು ಬಂತು. ನಾನು ಕೂಗಿದ ಕೂಗಿಗೆ ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಯಾರಿಗೆ ಏನಾಯಿತೆಂದು ಕೇಳಿದವರಿಗೆಲ್ಲ ನಾನಿ, "ನಮ್ಮ ಉಮೈಮಾ ನರ್ಸ್ ಆಗ್ತಾಳ," ಎಂದು ಸಾರುತ್ತ ಕಡಲೆ ಹಂಚಿದಳು. ಉಮೈಮಾ ಕಟ್ಟೆಯ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ನನಗೂ ಕಣ್ಣು ತುಂಬಿತು, ಕಡಲೆಯ ಧೂಳು ಎಂದು ಒರೆಸಿಕೊಂಡೆ.

ಹೆಂಗಸರು ಹೋದ ಮೇಲೆ, ಹಳೆಯ ನಂಬರು ತೆಗೆಸಿರೆಂದು ಹೊರಡುವಾಗ ಕನಕಪ್ಪ ಹೇಳಿದ್ದು ನೆನಪಾಗಿ, ಖಾತೆಯ ಭದ್ರತೆಯ ಪುಟ ತೆರೆಸಿದೆ. ಹಿರೇಕೆರೂರಿನ ನೀಲಪ್ಪನವರ ನಂಬರು ಇನ್ನೂ ಅಲ್ಲೇ ಕೂತಿತ್ತು. ಅದನ್ನು ಅಳಿಸಿ ಹೊಸದು ಹಾಕು ಎಂದೆ.

"ನನ್ನ ನಂಬರು ಹಾಕು," ಎಂದಳು ನಾನಿ. "ನನ್ನ ಸಿಮ್ಮು ಎಂದೂ ಬಂದ್ ಆಗಿಲ್ಲ."

"ಹಾಕಿದ್ರ ಕೋಡು ಬಂದಾಗ ಹೇಳ್ತೀ ಏನು?" ಎಂದಳು ಉಮೈಮಾ, ಮೂಗು ಒರೆಸುತ್ತ.

"ಫೋನಿನ್ಯಾಗ ಹೇಳಾಂಗಿಲ್ಲ. ಇಲ್ಲಿಗೆ ಬಾ, ಮಾರಿ ತೋರ್ಸು, ಹೇಳ್ತೇನಿ."

ಉಮೈಮಾ ನನ್ನ ಕಡೆ ನೋಡಿದಳು. ಬುದ್ಧಿ ಇದ್ದವಳು ತನ್ನ ಸ್ವಂತ ನಂಬರನ್ನೇ ಹಾಕಿಕೊಳ್ಳುತ್ತಾಳೆ ಎಂದು ಹೇಳಲು ತೆರೆದ ಬಾಯಿಗೆ ಒಂದು ಕಡಲೆ ಹಾಕಿಕೊಂಡೆ. ಅವಳು ನಾನಿಯನ್ನು ಕೇಳಿ ಕೇಳಿ, ಒಂದೊಂದೇ ಅಂಕಿಯಾಗಿ ಆ ನಂಬರನ್ನೇ ಒತ್ತಿದಳು.