ಪಾಯಿಂಟ್ ನಾಲ್ಕರಿಂದ ನಾಲ್ಕಕ್ಕೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಅಂಕೋಲೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಸೋಮವಾರ ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ರಕ್ತ ನೋಡಿದವಳು, ಉಮಕ್ಕನ ರಿಪೋರ್ಟು ಅಂದರೆ ಕಣ್ಣು ಮುಚ್ಚಿ ನಂಬಬಹುದು ಎಂದು ಮೆರೆದವಳು, ಅರ್ಧ ಲೆಕ್ಕ ಮಾಡಿ ಕೈತೊಳೆದುಕೊಂಡಿದ್ದೆ.

ರೋಗಿಯ ಹೆಸರು ಸೋಮಿ. ಸುಂಕಸಾಳದ ಕಡೆಯವಳು, ಗದ್ದೆ ಕೂಲಿ ಮಾಡುವವಳು. ಮಗಳು ದಮಯಂತಿ ಅವಳನ್ನು ಬಸ್ಸಿನಲ್ಲಿ ಹೆಚ್ಚುಕಮ್ಮಿ ಎತ್ತಿಕೊಂಡೇ ಬಂದಿದ್ದಳು. ಹಿಮೋಗ್ಲೋಬಿನ್ ಐದು. ಕಣ್ಣು ಹಳದಿ. ಪಾದ ಜೋಮು ಹಿಡಿದು ಚಪ್ಪಲಿ ಕಳಚಿ ಬಿದ್ದರೂ ತಿಳಿಯುತ್ತಿರಲಿಲ್ಲ.

ಡಾಕ್ಟರ್ ಸುಜಯ ರೆಟಿಕ್ ಕೌಂಟ್ ಕೇಳಿದರು. ಎಲುಬಿನ ಮಜ್ಜೆಯಿಂದ ಈಗಷ್ಟೇ ಹೊರಬಿದ್ದ ಎಳೆಯ ಕೆಂಪು ಕಣಗಳ ಎಣಿಕೆ ಅದು. ನಮ್ಮ ಯಂತ್ರಕ್ಕೆ ಅದು ಬರುವುದಿಲ್ಲ, ನನಗೆ ಬರುತ್ತದೆ. ಕಣ ಜೀವಂತ ಇರುವಾಗಲೇ ಬಣ್ಣ ಹಿಡಿಸಬೇಕು. ನ್ಯೂ ಮಿಥಿಲೀನ್ ಬ್ಲೂ ಬಣ್ಣವನ್ನು ಸೋಸಿಕೊಂಡೆ. ಸೋಸದಿದ್ದರೆ ಬಣ್ಣದ ಕಸವೇ ಎಳೆಯ ಕಣದಂತೆ ಕಂಡು ಮೋಸ ಮಾಡುತ್ತದೆ. ರಕ್ತ, ಬಣ್ಣ ಸಮಸಮ ಬೆರೆಸಿ ಮೂವತ್ತೇಳು ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟೆ. ಮತ್ತೆ ಕಲಕಿ ಗಾಜಿನ ಮೇಲೆ ಎಳೆದು ಒಣಗಿಸಿದೆ. ಲಗ್ನಪತ್ರಿಕೆಯ ರಟ್ಟಿನಲ್ಲಿ ಚೌಕ ತೂತು ಕತ್ತರಿಸಿ ಮೈಕ್ರೋಸ್ಕೋಪಿನ ಕಣ್ಣಿನೊಳಗೆ ಕೂರಿಸಿಕೊಳ್ಳುವುದು ನನ್ನ ಹಳೆಯ ಪದ್ಧತಿ. ನೋಟ ಕಿರಿದಾದರೆ ಎಣಿಕೆ ತಪ್ಪುವುದಿಲ್ಲ. ಸಾವಿರ ಕೆಂಪು ಕಣ ಎಣಿಸಿದೆ. ಎಳೆಯ ಕಣದ ಗುರುತಾದ ನೀಲಿ ದಾರದ ಸಿಕ್ಕು ಒಳಗೆ ಕಂಡದ್ದು ಮೂವತ್ತರಲ್ಲಿ. ಅಂದರೆ ನೂರಕ್ಕೆ ಮೂರು.

ಫಾರ್ಮಿನಲ್ಲಿ ಒಂದೇ ಕಾಲಮ್ಮು. ಮೂರು ಎಂದು ಬರೆದು ಮೇಲಿನ ವಾರ್ಡಿಗೆ ಕಳಿಸಿದೆ. ಮುಂದಿನ ಗುಣಾಕಾರ ಭಾಗಾಕಾರವನ್ನೆಲ್ಲ ನಮ್ಮ ಹಿಂದಿನ ದೊಡ್ಡ ಡಾಕ್ಟರು ಮಂಚದ ಪಕ್ಕ ನಿಂತೇ ಮಾಡುತ್ತಿದ್ದರು. ಅವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಆ ಲೆಕ್ಕ ಈಗ ಯಾರು ಮಾಡುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಚಾ ಕುಡಿಯುತ್ತಿದ್ದಾಗ ನರ್ಸ್ ಗೋದಾವರಿ ಬಂದಳು.

"ಉಮಕ್ಕಾ, ಸೋಮಿಯನ್ನ ಮಣಿಪಾಲಕ್ಕೆ ಕಳಿಸ್ತರಂತೆ. ರಕ್ತ ಒಳಗೊಳಗೇ ಒಡೀತದಂತೆ. ಹೋಗೂಕಿಂತ ಮೊದ್ಲೇ ಸ್ಟಿರಾಯ್ಡ್ ಶುರು ಮಾಡ್ತರಂತೆ. ನಿಂದೇ ಕೌಂಟ್ ನೋಡಿ ಹೇಳಿದ್ರು."

"ನನ್ನ ಕೌಂಟ್ ನೋಡಿ?"

"ಮತ್ತೆಂತದು! ಎಲ್ಲರಿಗೂ ಒಂದೋ ಎರಡೋ ಇರೂದು, ಮೂರು ಅಂದ್ರೆ ಜಾಸ್ತಿ ಅಲ್ದಾ?"

ಸೋಮಿಯ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಹದಿನೈದು. ಇರಬೇಕಾದದ್ದು ನಲವತ್ತೈದು. ಚಾದ ಲೋಟ ಅಲ್ಲೇ ಬಿಟ್ಟು, ಅವಳ ರಕ್ತ ಎಳೆದ ಮಾಮೂಲಿ ಸ್ಲೈಡೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ.

ಸುಜಯ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ. ಬುದ್ಧಿವಂತ, ಮರ್ಯಾದಸ್ಥ, ಆದರೆ ಅವಸರದವನು.

"ಡಾಕ್ಟ್ರೆ, ಸ್ಟಿರಾಯ್ಡ್ ಕೊಡಬೇಡಿ. ನನ್ನ ರಿಪೋರ್ಟು ಅರ್ಧ ಮಾತ್ರ ಬಂದದೆ."

"ಎಣಿಕೆ ತಪ್ಪಾಯ್ತಾ ಮೇಡಂ?"

"ನನ್ನ ಎಣಿಕೆ ತಪ್ಪೂದಿಲ್ಲ!" ಎಂದು ಗುಡುಗಿದೆ. ಆಮೇಲೆ ದನಿ ಇಳಿಸಿದೆ. "ಲೆಕ್ಕ ಮುಗಿಸಲಿಲ್ಲ. ಮೂರು ಅನ್ನೂದು ನೂರರಲ್ಲಿ ಮೂರು. ಇವಳ ಹತ್ರ ಆ ನೂರೇ ಇಲ್ಲ, ಇರೂದು ಮೂರರಲ್ಲಿ ಒಂದು ಪಾಲು. ಮೂರನ್ನ ಹದಿನೈದರಿಂದ ಗುಣಿಸಿ, ನಲವತ್ತೈದರಿಂದ ಭಾಗಿಸಿ."

"ಒಂದು," ಎಂದರು ಡಾಕ್ಟರು.

"ಮುಗೀಲಿಲ್ಲ. ರಕ್ತ ಇಷ್ಟು ಕಮ್ಮಿ ಆದಾಗ ಮಜ್ಜೆ ಹಸಿಹಸಿ ಕಣಾನೇ ಹೊರಗೆ ದೂಡ್ತದೆ. ಒಂದು ದಿನ ಎಳೇದಾಗಿ ಕಾಣೂ ಕಣ ಎರಡೂವರೆ ದಿನ ಹಂಗೇ ಕಾಣ್ತದೆ. ಪಿಸಿವಿ ಹದಿನೈದಕ್ಕೆ ಎರಡೂವರೆಯಿಂದ ಭಾಗಿಸ್ಬೇಕು."

ಅವರ ಬೆರಳು ಫೋನಿನ ಮೇಲೆ ಓಡಿ ನಿಂತಿತು. "ಪಾಯಿಂಟ್ ನಾಲ್ಕು."

"ರಕ್ತ ಬರೇ ಒಡೀತಿದ್ರೆ, ಮಜ್ಜೆ ಗಟ್ಟಿ ಇದ್ರೆ, ಈ ಸೂಚ್ಯಂಕ ಮೂರು ದಾಟ್ಬೇಕಿತ್ತು. ಎರಡರ ಹತ್ರಾನೂ ಇಲ್ಲ. ಮಜ್ಜೆ ಸೋತು ಕೂತದೆ ಡಾಕ್ಟ್ರೆ. ಅದಕ್ಕೆ ಎಂತದೋ ಸಿಗ್ತಾ ಇಲ್ಲ. ಕೆಳಗೆ ಬಂದು ಈ ಸ್ಲೈಡ್ ನೋಡಿ, ಬಿಳಿ ಕಣದ ಕೇಂದ್ರ ಮೂರ್ನಾಲ್ಕು ತುಂಡು ಇರಬೇಕಾದ್ದು ಆರು ತುಂಡು, ಏಳು ತುಂಡು. ಕೆಂಪು ಕಣ ದೊಡ್ಡ ದೊಡ್ಡ ಮೊಟ್ಟೆಯಂಗೆ."

"ಬಿ ಟ್ವೆಲ್ವ್ ಕೊರತೆಯಾ?" ಅವರು ಹುಬ್ಬೇರಿಸಿದರು. "ಕಣ ದೊಡ್ಡದಾದ್ದು, ಕಣ್ಣು ಹಳದಿಯಾದ್ದು, ಅದರಲ್ಲೂ ಆಗ್ತದೆ ನಿಜ. ಆದ್ರೆ ಇವರು ದಿನಾ ಮೀನು ತಿನ್ನೋರು ಮೇಡಂ. ಮೀನು ತಿನ್ನೋರಿಗೆ ಹೇಗೆ ಬರ್ತದೆ?"

ನಮ್ಮ ಕಡೆ ಮೀನು ತಿನ್ನುತ್ತೀಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಊಟ ಅಂದರೆ ಅದರಲ್ಲಿ ಮೀನು ಇದ್ದದ್ದೇ. ಆ ದಿನ ನಾನು ಸೋಮಿಯ ಮಂಚದ ತುದಿಯಲ್ಲಿ ಕೂತು ಕೇಳಿದೆ.

"ಸೋಮಿ, ಕಡೇ ಸಲ ಮೀನು ತಿಂದದ್ದು ಯಾವಾಗ?"

ಅವಳು ಮಗಳ ಮುಖ ನೋಡಿದಳು. "ಆರು ವರ್ಷ ಆಯ್ತು ಅಕ್ಕೋರೆ. ಇವಳಿಗೆ ಜ್ವರ ತಲೆಗೇರಿ ಉಳೂದೇ ಇಲ್ಲ ಅಂದಿದ್ರು. ಇವಳಿಗೆ ಗಂಡು ಸಿಕ್ಕಿ ಮದಿ ಆಗೂ ತಂಕ ಮೀನು, ಮೊಟ್ಟೆ, ಕೋಳಿ ಮುಟ್ಟೂದಿಲ್ಲ ಅಂತ ಗುಡಿ ಅಮ್ಮನಿಗೆ ಹರಕೆ ಹೇಳ್ಕಂಡೆ."

"ಹಾಲು?"

"ಹಾಲು ಎಲ್ಲಿ! ಕರಿ ಚಾ, ಗಂಜಿ, ಉಪ್ಪಿನಕಾಯಿ."

ದಮಯಂತಿ ದಂಗಾಗಿ ನಿಂತಳು. "ನಂಗೆ ಮೀನು ಬ್ಯಾಡ, ವಾಸನೆ ಆಗೂದಿಲ್ಲ ಅಂತ ಸುಳ್ಳು ಹೇಳಿದೆ ಅಲ್ದಾ ಆಯಿ!" ಎಂದು ಬಿಕ್ಕಿದಳು. ಬಿ ಟ್ವೆಲ್ವ್ ಪ್ರಾಣಿಗಳಿಂದ ಬರುವುದರಲ್ಲಷ್ಟೇ ಸಿಗುತ್ತದೆ. ಆರು ವರ್ಷದಲ್ಲಿ ಮೈಯೊಳಗಿನ ದಾಸ್ತಾನೆಲ್ಲ ಬರಿದಾಗಿತ್ತು. ಇನ್ನಷ್ಟು ದಿನ ಬೇರೆ ಔಷಧಿಯಲ್ಲಿ ಕಳೆದಿದ್ದರೆ ಆ ಪಾದಗಳ ಜೋಮು ಜನ್ಮಪೂರ್ತಿ ಉಳಿಯುತ್ತಿತ್ತೇನೋ.

ಡಾಕ್ಟರು ಚೀಟಿಯ ಮೇಲಿನ ಸ್ಟಿರಾಯ್ಡ್ ಹೊಡೆದು ಹಾಕಿದರು. ಪರೀಕ್ಷೆಗೆ ರಕ್ತ ತೆಗೆದು ಕಾರವಾರಕ್ಕೆ ಕಳಿಸಿ, ಅದರ ಹಿಂದೆಯೇ ಕೆಂಪು ಬಣ್ಣದ ಬಿ ಟ್ವೆಲ್ವ್ ಇಂಜೆಕ್ಷನ್ ಕೊಡಿಸಿದರು. "ಒಂದು ವಾರ ನೋಡುವಾ ಮೇಡಂ. ನಿಮ್ಮ ಲೆಕ್ಕ ಸರಿಯಿದ್ರೆ ಮಜ್ಜೆ ಉತ್ತರ ಕೊಡ್ತದೆ."

ಗುರುವಾರ ಕಾರವಾರದ ರಿಪೋರ್ಟು ಬಂತು. ಬಿ ಟ್ವೆಲ್ವ್ ತಳ ಕಂಡಿತ್ತು. ಆದರೂ ನನಗೆ ಸಮಾಧಾನವಿಲ್ಲ. ಕೊರತೆ ಇದೆ ಎಂದು ಕಾಗದ ಹೇಳಿದರೆ ಸಾಲದು, ಕಣ ಹುಟ್ಟಬೇಕು.

ಮುಂದಿನ ಸೋಮವಾರ ಬೆಳಿಗ್ಗೆ ಮತ್ತೆ ಬಣ್ಣ ಸೋಸಿದೆ, ಬೆರೆಸಿದೆ, ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಅಬ್ಬಬ್ಬಾ! ಎಲ್ಲಿ ನೋಡಿದರೂ ನೀಲಿ. ಸಾವಿರಕ್ಕೆ ಇನ್ನೂರು. ನೂರಕ್ಕೆ ಇಪ್ಪತ್ತು! ಈ ಸಲ ಲೆಕ್ಕ ಬಿಡುವವಳೇ ನಾನು? ಪಿಸಿವಿ ಹದಿನೆಂಟಕ್ಕೇರಿತ್ತು. ಇಪ್ಪತ್ತನ್ನು ಹದಿನೆಂಟರಿಂದ ಗುಣಿಸಿ ನಲವತ್ತೈದರಿಂದ ಭಾಗಿಸಿದರೆ ಎಂಟು. ರಕ್ತ ಏರಿದಂತೆ ಭಾಜಕ ಇಳಿಯುತ್ತದೆ, ಈ ಮಟ್ಟಕ್ಕೆ ಎರಡು. ಸೂಚ್ಯಂಕ ನಾಲ್ಕು. ಪಾಯಿಂಟ್ ನಾಲ್ಕಲ್ಲ, ಪೂರಾ ನಾಲ್ಕು! ಕುರ್ಚಿಯಿಂದ ಎದ್ದು ಗೋದಾವರಿಯನ್ನು ತಬ್ಬಿಕೊಂಡೆ. "ಎಂತ ಆಯ್ತೆ ಮಾರಾಯ್ತಿ, ಲಾಟರಿ ಹೊಡೀತಾ?" ಎಂದಳು.

ಫಾರ್ಮಿನಲ್ಲಿ ಪೆನ್ನಿನಿಂದ ಇನ್ನೆರಡು ಕಾಲಮ್ಮು ಗೀಚಿ ಮೂರೂ ಅಂಕಿ ಬರೆದೆ. ಸುಜಯ ಅದನ್ನು ಓದಿ ವಾರ್ಡಿನಲ್ಲಿ ಎಲ್ಲರೆದುರೇ ಹೇಳಿದರು: "ನಾನು ತಪ್ಪಿದ್ದೆ ಮೇಡಂ. ನೀವು ಓಡಿ ಬರದಿದ್ದರೆ ಕಷ್ಟವಿತ್ತು." ನಾನೂ ಬಿಡಲಿಲ್ಲ. "ತಪ್ಪಿನಲ್ಲಿ ಅರ್ಧ ಪಾಲು ನಂದು ಡಾಕ್ಟ್ರೆ," ಎಂದೆ. ಫಾರ್ಮನ್ನು ಹೊಸದಾಗಿ ಅಚ್ಚು ಹಾಕಿಸಲು ಅವರು ಅಂದೇ ಸಹಿ ಮಾಡಿದರು.

ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಸೋಮಿ ನಿಂತಿದ್ದಳು. ಹದಿನಾಲ್ಕು ಮೆಟ್ಟಿಲು, ಕಂಬಿ ಹಿಡಿದು, ತನ್ನ ಕಾಲ ಮೇಲೆಯೇ ಇಳಿದು ಬಂದಿದ್ದಳು. ಜೋಮು ಪೂರ್ತಿ ಹೋಗಿರಲಿಲ್ಲ, ಆದರೆ ನೆಲ ತಣ್ಣಗಿರುವುದು ಗೊತ್ತಾಗುತ್ತಿದೆ ಎಂದಳು.

"ನನ್ನ ರಕ್ತದಲ್ಲಿ ಎಂತ ಕಂಡ್ರಿ ಅಕ್ಕೋರೆ? ನಂಗೂ ತೋರ್ಸಿ."

ಕೂರಿಸಿ, ಒಂದು ಕಣ್ಣು ಮುಚ್ಚಲು ಹೇಳಿ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಈ ನೀಲಿ ನೀಲಿ ಇದ್ದದ್ದು?"

"ಈಗ ಎರಡು ಮೂರು ದಿನದಲ್ಲಿ ಹುಟ್ಟಿದ್ದು. ಎಲ್ಲಾ ನಿಂದೇ."

ಅವಳು ತಲೆ ಎತ್ತದೆ ನಕ್ಕಳು. "ಬಲೆ ತುಂಬ ತಾರ್ಲೆ ಮೀನು ಬಿದ್ದಂಗೆ ಅದೆ. ಹರಕೆ ಮುರೀಲಿಲ್ಲ ಅಲ್ದಾ ಅಕ್ಕೋರೆ? ಇದು ಸೂಜೀಲಿ ಬಂದದ್ದು, ನಾ ತಿಂದದ್ದಲ್ಲ."

"ಮುರೀಲಿಲ್ಲ," ಎಂದೆ. "ತಿಂಗಳಿಗೊಂದು ಸೂಜಿ ತಪ್ಪಿಸಬೇಡ. ಮದಿ ಊಟದ ದಿನ ನನ್ನ ಎಲೆ ಪಕ್ಕವೇ ಕೂತು ನೀನೂ ಮೀನು ತಿನ್ನು."

"ನೀವು ಬರ್ಲೇಬೇಕು ಮತ್ತೆ," ಎಂದು ಸೋಮಿ ಎದ್ದು, ಚಪ್ಪಲಿ ಹುಡುಕಿ, ಎರಡೂ ಕಾಲಿಗೆ ಸರಿಯಾಗಿ ಹಾಕಿಕೊಂಡಳು.