ಬೀಗರೂಟದ ಬಂಗುಡೆ

ಐದಕ್ಕೆ ಬರಬೇಕಿದ್ದ ಮೀನಿನ ಗಾಡಿ ತ್ಯಾಮಗೊಂಡ್ಲು ರಸ್ತೆಯ ಕಲ್ಯಾಣ ಮಂಟಪದ ಹಿಂಬಾಗಿಲಿಗೆ ಬಂದು ನಿಂತಾಗ ಏಳು ದಾಟಿ ಕಾಲು ಗಂಟೆಯಾಗಿತ್ತು. ಪಾಪಕ್ಕ ಅಷ್ಟರಲ್ಲಿ ಮೂರು ಸಲ ಗೇಟಿನವರೆಗೂ ಹೋಗಿ ಬಂದಿದ್ದಳು. ಒಳಗೆ ಒಲೆಗಳು ಹೊತ್ತಿಕೊಂಡಿದ್ದವು, ಮಟನ್ನಿಗೆ ಮಸಾಲೆ ಅರೆಯುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಬೀಗರೂಟ, ನಾನೂರು ಎಲೆ. ಹುಡುಗಿಯ ಅಪ್ಪ ನವೀನ್‌ಕುಮಾರ್ ಒಂದೇ ಒಂದು ಮಾತು ಒತ್ತಿ ಹೇಳಿ ಹೋಗಿದ್ದ. ಗಂಡಿನ ಕಡೆಯವರಿಗೆ ಬಂಗುಡೆ ಫ್ರೈ ಅಂದರೆ ಪ್ರಾಣ, ಅದೊಂದು ಚೆನ್ನಾಗಿರಬೇಕು.

ಪಾಪಕ್ಕನಿಗೆ ಐವತ್ತಾರು ವರ್ಷ. ಅಡುಗೆ ಕಾಂಟ್ರಾಕ್ಟರ್ ಮುನಿರಾಜನ ಬಳಿ, ಅವನಿಗಿಂತ ಮೊದಲು ಅವನ ಅಪ್ಪನ ಬಳಿ, ಇಪ್ಪತ್ತೆರಡು ವರ್ಷ ಬಾಡೂಟ ಬೇಯಿಸಿದವಳು. ಮೀನು ಬಂದರೆ ಮೊದಲು ಮುಟ್ಟಬೇಕಾದವಳು ಅವಳೇ. "ನಮ್ಮ ಪಾಪಕ್ಕನ ಮೂಗೇ ಲ್ಯಾಬು" ಎಂದು ಮುನಿರಾಜ ಗಿರಾಕಿಗಳ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಎದೆಯಲ್ಲಿ ಸಣ್ಣಗೆ ಚುಚ್ಚುತ್ತಿತ್ತು. ಒಂದೂವರೆ ವರ್ಷದ ಹಿಂದೆ ಬಂದ ಜ್ವರ ಹತ್ತು ದಿನಕ್ಕೆ ಬಿಟ್ಟಿತ್ತು. ಆದರೆ ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತ್ತು. ಮಲ್ಲಿಗೆಯಿಲ್ಲ, ಸೀಮೆಎಣ್ಣೆಯಿಲ್ಲ, ಹುರಿದ ಧನಿಯವಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಗ್ಗರಣೆಯನ್ನು ಸಾಸಿವೆಯ ಸದ್ದಿನಿಂದ, ಈರುಳ್ಳಿಯನ್ನು ಬಣ್ಣದಿಂದ ತಿಳಿದುಕೊಂಡು ಕೆಲಸ ನಡೆಸಿಕೊಂಡು ಬಂದಿದ್ದಳು. ಮೀನಿಗೆ ಬೇರೆ ದಾರಿ ಹುಡುಕಿಕೊಂಡಿದ್ದಳು. ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಕಿವಿರು ಕೆಂಪಗಿದೆಯೇ, ಹೆಬ್ಬೆರಳಲ್ಲಿ ಒತ್ತಿದರೆ ಮಾಂಸ ಪುಟಿದು ಮೇಲೆ ಬರುತ್ತದೆಯೇ, ಹೊಟ್ಟೆ ಬಿಗಿಯಾಗಿದೆಯೇ ಎಂದು ನೋಡುವಳು. ಆಮೇಲೆ ಮೂಗಿನ ಹತ್ತಿರ ಹಿಡಿದು, ಯಾರಿಗೂ ಅನುಮಾನ ಬಾರದಂತೆ ತಲೆಯಾಡಿಸುವಳು.

ಡ್ರೈವರ್ ವಿಜಯ್ ಗಾಡಿಯ ಹಿಂಬಾಗಿಲು ತೆರೆದ. ಮಲ್ಪೆಯಿಂದ ಬಂದ ಎಂಟು ಥರ್ಮೋಕೋಲ್ ಪೆಟ್ಟಿಗೆ. ಅವನ ಕಣ್ಣು ಕೆಂಪಾಗಿತ್ತು, ಅಂಗಿ ಮೊಣಕೈವರೆಗೂ ಒದ್ದೆ.

"ಲೇಟಾಯ್ತು ಅಕ್ಕ. ಘಾಟಲ್ಲಿ ಜಾಮು. ಆದ್ರೆ ಮಾಲು ಐಸಲ್ಲೇ ಐತೆ, ನೋಡ್ಕೊಳ್ಳಿ."

ಸ್ಟೋರು ನೋಡಿಕೊಳ್ಳುವ ರಂಜಿತ ಮುಳ್ಳಿನ ಥರ್ಮಾಮೀಟರ್ ಹಿಡಿದು ಬಂದಳು. ಮೊದಲ ಪೆಟ್ಟಿಗೆಯ ಮೇಲಿನ ಮೀನಿಗೆ ಚುಚ್ಚಿದಳು. ಮೂರು ಡಿಗ್ರಿ. "ಸರಿಯಾಗೈತೆ ಅಕ್ಕ, ನಾಲ್ಕರೊಳಗೇ ಐತೆ" ಎಂದು ಪುಸ್ತಕ ಬಿಚ್ಚಿದಳು.

ಪಾಪಕ್ಕ ಮೀನನ್ನಲ್ಲ, ಐಸನ್ನು ನೋಡುತ್ತಿದ್ದಳು. ರಾತ್ರಿಯಿಡೀ ಮೀನಿನ ಜೊತೆ ಪಯಣಿಸಿದ ಐಸು ಕರಗಿ, ಅಂಚು ಸವೆದು, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇದು ಈಗತಾನೆ ಒಡೆದ ಹಾಗೆ ಚೂಪುಚೂಪಾಗಿ ಬಿಡಿಬಿಡಿಯಾಗಿತ್ತು. ಮೇಲೆ ಮಾತ್ರ ಇತ್ತು. ಅವಳು ತೋಳು ಮಡಚಿ ಕೈಯನ್ನು ಮೊಣಕೈವರೆಗೂ ಒಳಕ್ಕೆ ಇಳಿಸಿದಳು. ಮಧ್ಯದ ಮೀನುಗಳ ನಡುವೆ ಐಸೇ ಇರಲಿಲ್ಲ. ತಳದಲ್ಲಿ ಬೆರಳಿಗೆ ನೀರು ಸಿಕ್ಕಿತು. ಬೆರಳು ಜುಮ್ಮೆನ್ನುವಷ್ಟು ತಣ್ಣಗಿರಬೇಕಿದ್ದ ನೀರು ಕೊಡದ ನೀರಿನಂತಿತ್ತು.

ಮಧ್ಯದಿಂದ ಒಂದು ಬಂಗುಡೆ ಎಳೆದಳು. ಕಣ್ಣು ಕೊಂಚ ಒಳಗೆ ಇಳಿದಿತ್ತು. ಕಿವಿರು ಎತ್ತಿದರೆ ಕೆಂಪಿಗಿಂತ ಇಟ್ಟಿಗೆ ಪುಡಿಯ ಬಣ್ಣಕ್ಕೇ ಹತ್ತಿರ. ಹೆಬ್ಬೆರಳು ಒತ್ತಿದ ಗುಳಿ ಹಾಗೇ ಉಳಿಯಿತು.

"ರಂಜಿತಾ, ಇದಕ್ಕೆ ಚುಚ್ಚು. ಬೆನ್ನಿನ ದಪ್ಪದ ಕಡೆ."

ಅಂಕಿ ಏರುತ್ತಾ ಹೋಗಿ ಹದಿಮೂರರಲ್ಲಿ ನಿಂತಿತು. ರಂಜಿತ ಮುಳ್ಳನ್ನು ಒರೆಸಿ ಬೇರೆ ಪೆಟ್ಟಿಗೆಯ ಮೀನಿಗೂ ಚುಚ್ಚಿದಳು. ಹನ್ನೆರಡು. ಮೂರನೆಯದರಲ್ಲಿ ಮತ್ತೆ ಹದಿಮೂರು.

ಮಾತು ಕೇಳಿಸಿಕೊಂಡು ಮುನಿರಾಜ ಹೊರಗೆ ಬಂದ. ಫೋನು ಕಿವಿಯಲ್ಲೇ ಇತ್ತು. "ಏನಕ್ಕ? ಬೇಗ ಇಳಿಸ್ಕೊಳ್ಳಿ, ಕ್ಲೀನ್ ಮಾಡೋಕೇ ಎರಡು ಗಂಟೆ ಬೇಕು."

"ಈ ಮೀನು ಬೇಡ ಮುನಿರಾಜಪ್ಪ."

ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ರಂಜಿತಳ ಕೈಯಿಂದ ಮೀನು ತೆಗೆದುಕೊಂಡು ಮೂಸಿದ. "ಸಮುದ್ರದ ವಾಸ್ನೆ ಬಿಟ್ರೆ ಏನೂ ಇಲ್ವಲ್ಲ! ರಂಜಿತಾ, ನೀನು ನೋಡು."

ರಂಜಿತ ಮೂಸಿ ತಡವರಿಸಿದಳು. "ಕೆಟ್ಟ ವಾಸ್ನೆ ಏನಿಲ್ಲಣ್ಣ. ಆದ್ರೆ ಟೆಂಪರೇಚರು..."

"ಪಾಪಕ್ಕ, ನೀನು ಮೂಸಿ ಹೇಳು. ನೀನು ನಾರುತ್ತೆ ಅಂದ್ರೆ ನಾನು ಮಾತೇ ಆಡಲ್ಲ."

ಅವನು ಮೀನನ್ನು ಅವಳ ಮುಖದ ಹತ್ತಿರ ಹಿಡಿದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾರುತ್ತದೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟು ದಿನ ಆಡಿದ ನಾಟಕಕ್ಕೆ ಇನ್ನೊಂದು ಸುಳ್ಳು, ಅಷ್ಟೇ. ಆದರೆ ರಂಜಿತ ಆಗಲೇ ಇಲ್ಲ ಎಂದಿದ್ದಳು. ಆ ಹುಡುಗಿ ನಾಳೆಯಿಂದ ತನ್ನ ಮೂಗನ್ನೇ ನಂಬದೆ ಹೋದರೆ? ಪಾಪಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಂಗೆ ವಾಸ್ನೆ ಬರಲ್ಲಪ್ಪ. ಆ ಜ್ವರ ಬಂತಲ್ಲ, ಆವತ್ತಿಂದ. ಒಂದೂವರೆ ವರ್ಷ ಆಯ್ತು."

ಮುನಿರಾಜನ ಕೈ ಹಾಗೇ ನಿಂತಿತು. "ಒಂದೂವರೆ ವರ್ಷ? ಅಷ್ಟು ದಿನದಿಂದ ನನ್ ಗಿರಾಕಿಗಳ ಮೀನ ಏನ್ ನೋಡಿ ಇಳಿಸ್ಕೊಂಡೆ?"

"ಕಣ್ಣಲ್ಲಿ, ಬೆರಳಲ್ಲಿ ನೋಡಿ. ಅನುಮಾನ ಬಂದಿದ್ದನ್ನ ಒಂದೂ ಇಳಿಸ್ಕೊಂಡಿಲ್ಲ. ಬೈಯೋದಿದ್ರೆ ಆಮೇಲೆ ಬೈಯಿ. ಈಗ ಇದನ್ನ ಕೇಳು. ಬಂಗುಡೆ ಬೆಚ್ಚಗಾದ್ರೆ ನಾರೋಕ್ ಮುಂಚೇನೇ ವಿಷ ಆಗುತ್ತೆ. ನಿಮ್ಮಪ್ಪನ ಕಾಲದಲ್ಲಿ ಹೊಸಕೋಟೆ ಕಡೆ ಒಂದು ಊಟದಲ್ಲಿ ನೋಡಿದೀನಿ. ಮೀನು ಚೆನ್ನಾಗೇ ಇತ್ತು, ಯಾರೂ ಮುಖ ಸಿಂಡರಿಸ್ಲಿಲ್ಲ. ಎಲೆ ಎತ್ತೋದ್ರೊಳಗೆ ಜನದ ಮುಖ ಕೆಂಪಗಾಗಿ, ಮೈಯೆಲ್ಲ ದದ್ದು, ತಲೆನೋವು. ಒಬ್ಬ ಮುದುಕಪ್ಪಂಗೆ ಉಸಿರೇ ಕಟ್ಟಿತ್ತು. ಆಸ್ಪತ್ರೇಲಿ ಬದುಕ್ಕೊಂಡ."

"ಚೆನ್ನಾಗಿ ಕರಿದ್ರೆ ಎಲ್ಲ ಸತ್ತೋಗಲ್ವಾ?"

ಉತ್ತರ ರಂಜಿತಳಿಂದ ಬಂತು. "ಕ್ರಿಮಿ ಸಾಯ್ತವೆ ಅಣ್ಣ. ಅವು ಮಾಡಿಟ್ಟ ವಿಷ ಸಾಯಲ್ಲ. ಟ್ರೈನಿಂಗಲ್ಲಿ ಇದನ್ನೇ ಹೇಳಿದ್ರು. ಕರಿದ್ರೂ ಹೋಗಲ್ಲ, ಈಗ ಐಸಲ್ಲಿಟ್ರೂ ಹೋಗಲ್ಲ."

ಪಾಪಕ್ಕ ವಿಜಯನ ಕಡೆ ತಿರುಗಿದಳು. ಅವನು ಗಾಡಿಯ ಬಾಗಿಲು ಹಿಡಿದು ನೆಲ ನೋಡುತ್ತಿದ್ದ. "ಏನಪ್ಪಾ, ಊಟ ಮಾಡಿದ್ಯಾ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಒಳಗಿನಿಂದ ಕಾಫಿ ತರಿಸಿ ಕೈಗಿಟ್ಟಳು. "ಐಸು ಎಲ್ಲಿ ಹಾಕ್ದೆ?"

ಎರಡು ಗುಟುಕು ಇಳಿದ ಮೇಲೆ ಅವನು ಬಾಯಿ ಬಿಟ್ಟ. ಸಕಲೇಶಪುರ ದಾಟಿದ ಮೇಲೆ ಗಾಡಿಯ ಕೂಲಿಂಗ್ ಕೆಟ್ಟಿತ್ತು. ಪೆಟ್ಟಿಗೆಗಳಲ್ಲಿ ಹಾಕಿಕೊಟ್ಟ ಐಸೂ ಕಡಿಮೆಯೇ. ಮೆಕ್ಯಾನಿಕ್‌ಗಾಗಿ ಎರಡು ಗಂಟೆ ಕಾದು ಕೂತರೂ ಸರಿಹೋಗಲಿಲ್ಲ, ಆಮೇಲಿನ ದಾರಿಯಲ್ಲಿ ಎಲ್ಲ ಕರಗಿಹೋಯಿತು. ಕುಣಿಗಲ್ ತಲುಪುವವರೆಗೆ ಎಲ್ಲೂ ಐಸು ಸಿಗಲಿಲ್ಲ. "ಫೋನ್ ಮಾಡಿದ್ರೆ ಓನರ್ರು, ಮೇಲೆ ಐಸ್ ಹಾಕಿ ತಗೊಂಡೋಗು, ಬಾಯಿ ಬಿಡ್ಬೇಡ ಅಂದ್ರು ಅಕ್ಕ. ಹೊಸದಾಗ್ ಸೇರಿದೀನಿ. ಏನ್ ಮಾಡ್ಲಿ?"

"ಈಗ ಹೇಳಿದ್ಯಲ್ಲ, ಸಾಕು. ಇದನ್ನ ವಾಪಸ್ ತಗೊಂಡೋಗಿ ಇನ್ನೊಂದು ಹೋಟ್ಲಿಗೆ ಇಳಿಸ್ಬೇಡ, ಅಷ್ಟೇ."

ಅಂಗಳದ ಆಚೆ ಮಂಟಪದೊಳಗಿಂದ ಮೈಕು ಪರೀಕ್ಷಿಸುವ ಸದ್ದು ಬರುತ್ತಿತ್ತು. ಮುನಿರಾಜ ಮೀನು ಕಳಿಸಿದ ಏಜೆಂಟನಿಗೆ ಫೋನು ಹಚ್ಚಿದ. ಅವನಾಡಿದ ಮಾತು ಅಡುಗೆಮನೆಯವರೆಗೂ ಕೇಳಿಸಿತು. ರಂಜಿತ ಪ್ರತಿ ಪೆಟ್ಟಿಗೆಯ ಡಿಗ್ರಿಯನ್ನೂ ಫೋಟೋ ತೆಗೆದು ಕಳಿಸಿದಳು. ಏಜೆಂಟ್ ಮೊದಲು ಕೂಗಾಡಿದ, ಫೋಟೋ ನೋಡಿ ಮೆತ್ತಗಾಗಿ ಮಾಲು ಹೂಳಲು ಒಪ್ಪಿದ. ಹಿಂದಿನ ಖಾಲಿ ಜಾಗದಲ್ಲಿ ಗುಂಡಿ ತೆಗೆಸಿ, ಎಂಟೂ ಪೆಟ್ಟಿಗೆಯ ಮೀನನ್ನು ಸುರಿಸಿ, ಮೇಲೆ ಸುಣ್ಣ ಹಾಕಿ ಮುಚ್ಚಿಸಿದರು. ನಾಯಿ, ಬೆಕ್ಕಿಗೂ ಸಿಗದ ಹಾಗೆ ಆಳಕ್ಕೆ.

"ಈಗ ಎಲೆಗೆ ಏನ್ ಬಡಿಸೋದು?" ಎಂದ ಮುನಿರಾಜ. ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗಾಬರಿಯಿತ್ತು.

"ಇಲ್ಲೇ ಹತ್ರದ ಮಧುರೇಲಿ ಅಪ್ಪಯ್ಯಣ್ಣ ಈ ವಾರ ಕೆರೆಗೆ ಬಲೆ ಬಿಡ್ತಾವ್ರೆ. ಫೋನ್ ಮಾಡು. ಕಟ್ಲ, ರೋಹು ಏನಿದ್ರೂ ಸರಿ, ಜೀವ ಇರೋದನ್ನೇ ಕೊಡ್ಲಿ. ಹೋಗ್ವಾಗ ಐಸು ನಾವೇ ತಗೊಂಡೋಗ್ಬೇಕು."

ಅಪ್ಪಯ್ಯಣ್ಣ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದವನು. ಮುನಿರಾಜನೇ ಗಾಡಿ ಓಡಿಸಿದ, ಪಕ್ಕದಲ್ಲಿ ಪಾಪಕ್ಕ ಕೂತಳು. ದಾರಿಯಲ್ಲಿ ಐಸು ತುಂಬಿಸಿಕೊಂಡರು. ಕೆರೆ ಏರಿಯ ಮೇಲೆ ಬಲೆ ಎಳೆದಾಗಿತ್ತು. ಕಟ್ಲಗಳು ಬಾಲ ಬಡಿಯುತ್ತಿದ್ದವು. ಪಾಪಕ್ಕ ದೊಡ್ಡ ಡ್ರಮ್ಮಿನಲ್ಲಿ ಅರ್ಧ ನೀರು, ಅರ್ಧ ಐಸು ಮಾಡಿಸಿ ಮೀನನ್ನು ನೇರ ಅದಕ್ಕೆ ಹಾಕಿಸಿದಳು. ತಣ್ಣಗಾದ ಮೇಲೆ ಪೆಟ್ಟಿಗೆಗೆ ತುಂಬಿಸಿದಳು. ತಳಕ್ಕೆ ಐಸು, ಮೇಲೆ ಒಂದು ಸಾಲು ಮೀನು, ಮತ್ತೆ ಐಸು, ಮತ್ತೆ ಮೀನು. ಪೆಟ್ಟಿಗೆಯ ತಳದ ತೂತಿನ ಬಿರಡೆ ತೆಗೆಸಿದಳು, ಕರಗಿದ ನೀರಿನಲ್ಲಿ ಮೀನು ನೆನೆಯದೆ ಹರಿದುಹೋಗಲೆಂದು.

"ಪಾಪಕ್ಕನ ಕೈಗೆ ಸಿಕ್ಕಿದ ಮೀನಿಗೆ ನಮ್ಮನೆ ಮದುವೆ ಗಂಡಿಗಿಂತ ಜಾಸ್ತಿ ಉಪಚಾರ" ಎಂದು ಅಪ್ಪಯ್ಯಣ್ಣ ನಕ್ಕ.

ವಾಪಸ್ ಬಂದಾಗ ಒಂಬತ್ತೂ ಮುಕ್ಕಾಲು. ರಂಜಿತ ಮೂರು ಕಡೆ ಚುಚ್ಚಿ ನೋಡಿದಳು, ಎಲ್ಲವೂ ನಾಲ್ಕರ ಒಳಗಿತ್ತು. ಆಮೇಲೆ ಅಡುಗೆಮನೆ ಓಡಿತು. ಕತ್ತರಿಸುವ ಮಣೆ, ಕತ್ತಿ ಮೀನಿಗೇ ಬೇರೆ. ಒಂದು ಸಲಕ್ಕೆ ಒಂದು ಬುಟ್ಟಿ ಮಾತ್ರ ಹೊರಗೆ ಬರಬೇಕು, ಉಳಿದದ್ದು ಐಸಲ್ಲೇ. ತುಂಡುಗಳನ್ನು ತೊಳೆದು, ಉಪ್ಪು, ಅರಿಸಿನ, ಖಾರ, ಬೆಳ್ಳುಳ್ಳಿ, ಕರಿಬೇವು, ಕೆರೆ ಮಣ್ಣಿನ ವಾಸನೆ ಕಳೆಯಲು ಹುಣಸೆ ರಸ ಸವರಿ ಮತ್ತೆ ಕೋಲ್ಡ್ ರೂಮಿಗೆ. ಹಸಿ ಮೀನಿಟ್ಟ ತಟ್ಟೆಗೆ ಕರಿದದ್ದನ್ನು ಹಾಕಲು ಹೋದವನ ಕೈಯಿಂದ ಪಾಪಕ್ಕ ತಟ್ಟೆಯನ್ನೇ ಕಿತ್ತುಕೊಂಡಳು. ಪ್ರತಿ ಬಾಣಲೆಯಿಂದ ದಪ್ಪನೆಯ ತುಂಡೊಂದನ್ನು ಮುರಿದು ನೋಡುವಳು. ಗಾಜಿನಂತೆ ಹೊಳೆಯುವ ಮಾಂಸ ನಡುವಿನವರೆಗೂ ಬೆಳ್ಳಗಾಗಿ ಮುಳ್ಳಿನಿಂದ ತಾನಾಗಿ ಬಿಡಬೇಕು. ರಂಜಿತ ಥರ್ಮಾಮೀಟರ್ ಚುಚ್ಚಿ ಎಪ್ಪತ್ತು ಡಿಗ್ರಿ ದಾಟಿದೆಯೆಂದ ಮೇಲೆಯೇ ಅದು ಎಲೆಗೆ ಹೋಯಿತು. ಸಾಲು ಕೂತಂತೆ ಕರಿದರು, ಮೊದಲೇ ಕರಿದು ರಾಶಿ ಹಾಕಲಿಲ್ಲ.

ನವೀನ್‌ಕುಮಾರ್ ಬಂದು ಬಂಗುಡೆ ಎಲ್ಲಿ ಎಂದು ಮುಖ ಗಂಟಿಕ್ಕಿದ. ಮುನಿರಾಜ ಮುಚ್ಚಿಡಲಿಲ್ಲ. "ದಾರೀಲಿ ಕೆಟ್ಟಿತ್ತು ಸಾರ್. ನಿಮ್ಮ ಬೀಗರನ್ನ ಆಸ್ಪತ್ರೆಗೆ ಕಳಿಸೋಕೆ ನಮ್ಮ ಪಾಪಕ್ಕ ಒಪ್ಲಿಲ್ಲ" ಎಂದ. ನವೀನ್‌ಕುಮಾರ್ ಗೊಣಗಿಕೊಂಡೇ ಪಂಕ್ತಿಯಲ್ಲಿ ಕೂತ. ಎರಡನೆಯ ಸಲ ಮೀನು ಕೇಳಿ ಹಾಕಿಸಿಕೊಂಡಾಗ ಗೊಣಗಾಟ ನಿಂತಿತ್ತು.

ನಾಲ್ಕು ಗಂಟೆಗೆ ಪಾತ್ರೆಗಳು ತೊಳೆಯುವ ಕಟ್ಟೆಗೆ ಹೋದವು. ಪಾಪಕ್ಕ ಹೆಂಚಿನ ಮಾಡಿನ ಕೆಳಗೆ ಕಾಲು ಚಾಚಿ ಕೂತಿದ್ದಳು. ಮುನಿರಾಜ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಹೇಳ್ಬೋದಿತ್ತಲ್ಲಕ್ಕ. ನಂಗಾದ್ರೂ."

"ಮೂಗಿಲ್ದೋಳನ್ನ ಅಡುಗೆಗೆ ಯಾರಪ್ಪ ಕರೀತಾರೆ? ಮನೇಲಿ ಕೂತ್ಕೊ ಅಂತಿಯೇನೋ ಅಂದ್ಕೊಂಡೆ. ತಪ್ಪಾಯ್ತು."

ಅವನು ನೆಲದ ಮೇಲೆ ಬೆರಳಾಡಿಸಿದ. "ಅಂತಿದ್ನೇನೋ. ಸುಳ್ಯಾಕೆ ಹೇಳ್ಲಿ? ಇವತ್ತು ನಾನೂ ರಂಜಿತಾನೂ ಮೂಸಿ ಚೆನ್ನಾಗೈತೆ ಅಂದ್ವಲ್ಲ, ಆ ಮೂಗ್ ನಂಬಿದ್ರೆ ನಾನೂರು ಎಲೆಗೂ ಅದೇ ಹೋಗ್ತಿತ್ತು." ಎದ್ದು ನಿಂತ. "ಇನ್ಮೇಲೆ ಯಾವ ಗಾಡಿ ಬಂದ್ರೂ ನೀನು ಕೈ ಹಾಕು, ರಂಜಿತ ಮೂಸ್ಲಿ, ಮುಳ್ಳು ಚುಚ್ಲಿ. ಮೂರರಲ್ಲಿ ಒಂದು ಬೇಡ ಅಂದ್ರೂ ವಾಪಸ್. ಆಮೇಲೆ ಸೋಮವಾರ ದೊಡ್ಡಬಳ್ಳಾಪುರಕ್ಕೆ ಹೋಗೋಣ, ಮೂಗಿನ ಡಾಕ್ಟರ್ ಒಬ್ರವ್ರೆ."

ಪಾಪಕ್ಕ ಹೂಂ ಎಂದು ತಲೆಯಾಡಿಸಿದಳು. ಅವನು ಹೋದ ಮೇಲೆ ರಂಜಿತ ಎರಡು ತಟ್ಟೆ ಹಿಡಿದು ಬಂದಳು. ಈಗತಾನೆ ಕರಿದ ಕಟ್ಲ, ಅನ್ನ. ಬೆಳಗಿನಿಂದ ಇಬ್ಬರೂ ಉಂಡಿರಲಿಲ್ಲ. ಪಾಪಕ್ಕ ಒಂದು ಚೂರು ಬಾಯಿಗಿಟ್ಟಳು. ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯಿತು. ಉಳಿದದ್ದು ಎಂದಿನಂತೆ ಬರೀ ಬೆಚ್ಚಗೆ.

"ರಂಜಿತಾ, ವಾಸ್ನೆ ಹೆಂಗೈತೆ? ಹೇಳೇ."

ರಂಜಿತ ತುಂಡನ್ನು ಎತ್ತಿ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದಳು. "ಕರಿಬೇವು ಮೊದ್ಲು ಬರುತ್ತಕ್ಕ. ಆಮೇಲೆ ಬೆಳ್ಳುಳ್ಳಿ, ಸ್ವಲ್ಪ ಸೀದಂಗೆ, ಆದ್ರೆ ಚೆನ್ನಾಗಿ ಸೀದಂಗೆ. ಕೊನೇಲಿ, ಒಂಚೂರೇ ಚೂರು, ಕೆರೆ ಮಣ್ಣು."

"ಹುಣಸೆ ರಸ ಸಾಲ್ಲಿಲ್ಲ ಹಂಗಾದ್ರೆ" ಎಂದಳು ಪಾಪಕ್ಕ, ಇನ್ನೊಂದು ತುತ್ತು ಕಲಸುತ್ತಾ.